ಕಳಂಕವಿಲ್ಲದ ಕಾಗದ

ಔಷಧಿ ಗೋದಾಮಿನ ಶೀತಲ ಕೋಣೆಯ ಕೆಲಸಕ್ಕೆ ಸೇರಿದ ವಾರದಲ್ಲೇ ಅವಳಿಗೆ ತಂಪಕ್ಕ ಎಂದು ಹೆಸರು ಬಿತ್ತು. ಸುಡುಬಿಸಿಲಿನಲ್ಲೂ ಸ್ವೆಟರ್ ತೊಟ್ಟು, ಮೂಗು ಸೊರಸೊರ ಎಳೆಯುತ್ತ ಊಟಕ್ಕೆ ಬರುವವಳಿಗೆ ಇನ್ನೇನು ಹೆಸರಿಟ್ಟಾರು? ಮಗು ಹಾಲು ಬಿಟ್ಟ ಮೇಲೆ ಸಿಕ್ಕ ಮೊದಲ ಕೆಲಸ. ಪ್ರೊಬೇಷನ್ ಮುಗಿದು ಕಾಯಂ ಆದರೆ ಸಾಕೆಂದು ತುಟಿ ಬಿಗಿಹಿಡಿದು ದುಡಿಯುತ್ತಿದ್ದಳು.

ಒಂದು ಸೋಮವಾರ ನೋಡಿದರೆ ಲಸಿಕೆಗಳೆಲ್ಲ ಬೆಚ್ಚಗಾಗಿ ಕೆಟ್ಟಿದ್ದವು. ಶನಿವಾರ ಸಂಜೆ ಕೋಣೆಯ ತಂಪು ಯಂತ್ರದ ಸ್ವಿಚ್ ಆರಿಸಿದವನು ಮ್ಯಾನೇಜರು. ಯಂತ್ರದ ಸದ್ದಿಗೆ ಫೋನಿನ ಮಾತು ಕೇಳುತ್ತಿಲ್ಲವೆಂದು ಆರಿಸಿ, "ನೀವು ಹೊರಡಿ, ನಾನು ಹಾಕ್ತೀನಿ" ಎಂದಿದ್ದ. ಹಾಕಲು ಮರೆತ. ಇದನ್ನು ಕಂಡವರು ತಂಪಕ್ಕ ಮತ್ತು ಜೊತೆಗೆ ಪೆಟ್ಟಿಗೆ ಕಟ್ಟುವ, ಎಲ್ಲರೂ ಚಿಟ್ಟೆ ಎನ್ನುವ ಹುಡುಗಿ, ಇಬ್ಬರೇ.

ಮಧ್ಯಾಹ್ನ ಎಚ್ಆರ್ ಮೇಡಂ ಕರೆಸಿ ಒಂದು ಕಾಗದ ಕೊಟ್ಟಳು. ನಿರ್ಲಕ್ಷ್ಯದಿಂದ ಲಸಿಕೆ ಹಾಳು ಮಾಡಿದ ದುರ್ನಡತೆಗಾಗಿ ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಏನು ನಡೆಯಿತೆಂದು ಯಾರೂ ಅವಳನ್ನು ಕೇಳಿರಲಿಲ್ಲ.

"ಮೇಡಂ, ಅದು ನಾನಲ್ಲ. ಕೆಲಸ ಹೋದ್ರೆ ಹೋಗ್ಲಿ, ಈ ಮಾತು ಮಾತ್ರ ಬೇಡ. ಇದನ್ನ ನೋಡಿದ್ರೆ ನನ್ನನ್ನ ಯಾರು ಒಳಗೆ ಬಿಟ್ಕೋತಾರೆ?"

ಮೇಡಂ ಪಕ್ಕದಲ್ಲೇ ಕೂತಿದ್ದ ಮ್ಯಾನೇಜರನ ಮುಖ ನೋಡಿದಳು. ಅವನು ಆಗಲಿ ಎಂದು ತಲೆಯಾಡಿಸಿದ. ಹೊಸ ಕಾಗದ ಬಂತು: ಪ್ರೊಬೇಷನ್ ಅವಧಿಯ ಸೇವೆ ತೃಪ್ತಿಕರವಲ್ಲದ್ದರಿಂದ ಕೊನೆಗೊಳಿಸಲಾಗಿದೆ, ಅಷ್ಟೇ.

"ಹಳೇದನ್ನ ನೀನೇ ಹರಿದುಹಾಕಮ್ಮ, ಮನಸ್ಸು ಹಗುರ ಆಗುತ್ತೆ" ಎಂದಳು ಮೇಡಂ.

ತಂಪಕ್ಕ ಚೂರುಚೂರಾಗಿ ಹರಿದಳು. ಕೈಮುಗಿದು ಉಪಕಾರವನ್ನೂ ಸ್ಮರಿಸಿದಳು.

ಮನೆಯಲ್ಲಿ ಅತ್ತೆ ಸುಮ್ಮನಿರಲಿಲ್ಲ. "ತೃಪ್ತಿ ಇಲ್ವಂತೆ. ಇವಳ ಅಡುಗೆ ತಿಂದು ನಾನೂ ಎಷ್ಟು ಸಲ ಹಾಗೇ ಅಂದಿದ್ದೀನಿ, ನಾನೇನು ಮನೆಯಿಂದ ತೆಗೆದ್ನಾ?" ಎಂದು ಗೊಣಗುತ್ತಲೇ ಸೊಸೆಯನ್ನು ಕಾರ್ಮಿಕರ ಕೇಸು ನೋಡುವ ವಕೀಲರ ಬಳಿಗೆ ಎಳೆದೊಯ್ದಳು.

ವಕೀಲರು ನಡೆದದ್ದನ್ನು ಕೇಳಿಕೊಂಡು, ಹೊಸ ಕಾಗದವನ್ನು ಎರಡು ಸಲ ಓದಿದರು. "ಪ್ರೊಬೇಷನ್‌ನಲ್ಲಿ ಇರೋರನ್ನ ಕೆಲಸ ಹಿಡಿಸ್ಲಿಲ್ಲ ಅಂತ ತೆಗೆದ್ರೆ ಹೆಚ್ಚು ಮಾತಾಡೋಕಾಗಲ್ಲ. ತಪ್ಪು ಹೊರಿಸಿ ತೆಗೀಬೇಕಾದ್ರೆ ವಿಚಾರಣೆ ಮಾಡ್ಬೇಕು, ನಿಮ್ಮ ಮಾತು ಕೇಳ್ಬೇಕು. ತಪ್ಪು ಹೊರಿಸಿದ ಆ ಮೊದಲನೇ ಕಾಗದ ಕೊಡಿ."

"ಹರಿದುಹೋಯ್ತು."

"ಯಾರು ಹರಿದ್ರು?"

"ನಾನೇ."

ವಕೀಲರು ಕನ್ನಡಕ ತೆಗೆದರು. "ಆ ಕಾಗದಾನೇ ಕಣಮ್ಮ ನಿಮ್ಮ ಕೇಸಾಗಿತ್ತು. ಈಗ ಈ ಕಾಗದದ ಹಿಂದಿರೋ ನಿಜವಾದ ಕಾರಣ ನೋಡಿ ಅಂತ ಕೋರ್ಟನ್ನ ಕೇಳಬಹುದು. ಅದಕ್ಕೆ ಕಣ್ಣಾರೆ ಕಂಡೋರು ಬಂದು ಹೇಳ್ಬೇಕು. ಇದ್ದಾರಾ?"

ಮರುದಿನ ಬಸ್ ನಿಲ್ದಾಣದಲ್ಲಿ ಚಿಟ್ಟೆ ಸಿಕ್ಕಳು. ಕಣ್ಣು ತಪ್ಪಿಸಿ ನಿಂತಳು.

"ವಕೀಲರು ಸಾಕ್ಷಿ ಕೇಳ್ತಿದ್ದಾರೆ. ಕೋರ್ಟಲ್ಲಿ ನೋಡಿದ್ದನ್ನ ಹೇಳಿದ್ರೆ ಸಾಕು ಕಣೇ."

"ಅಕ್ಕಾ, ನನ್ನ ಪ್ರೊಬೇಷನ್ ಮುಗಿದಿಲ್ಲ. ನಿನ್ನ ಜಾಗಕ್ಕೂ ನನ್ನನ್ನೇ ಹಾಕಿದ್ದಾರೆ." ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿದಳು. "ವಕೀಲರ ಹತ್ರ ನನ್ನ ಹೆಸರು ಎತ್ತಿದ್ದೀಯಾ?"

"ಇಲ್ಲ."

"ಎತ್ಬೇಡ, ನಿನ್ನ ದಮ್ಮಯ್ಯ."

"ಎತ್ತಲ್ಲ, ಹೋಗು" ಎಂದಳು ತಂಪಕ್ಕ.