ಈ ಶನಿವಾರ ಕೊನೆ

ರಾಜಾಜಿನಗರದ ಆ ಕಾಲೇಜಿನಲ್ಲಿ ನಾನು ಮೂವತ್ತು ವರ್ಷ ಕೆಮಿಸ್ಟ್ರಿ ಕಲಿಸಿದೆ. ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಬಿಳಿ ಸಫಾರಿ ಹಾಕಿಕೊಂಡು ಬಂದ ಪ್ರಿನ್ಸಿಪಾಲರ ಎದೆಯ ಮೇಲೆ ನೀಲಿ ಇಂಕು ಚೆಲ್ಲಿ, ಅವರು ಕೂಗಾಡಿ ಮುಗಿಸುವಷ್ಟರಲ್ಲಿ ಕಲೆಯೇ ಮಾಯವಾಗುವಂತೆ ಮಾಡಿದ್ದನ್ನು ಮಾತ್ರ ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಲ್ಯಾಬಿನಲ್ಲೇ ಕಲಸಿದ ಇಂಕು ಅದು. ಗಾಳಿ ತಾಗಿದರೆ ಬಣ್ಣ ಹೋಗುತ್ತದೆ. ಅಂಥ ತರಲೆಗಳಲ್ಲಿ ನನ್ನನ್ನು ಮೀರಿಸುವವರು ಮಾಗಡಿ ರೋಡಿನ ಈ ಕಡೆಗೂ ಇರಲಿಲ್ಲ, ಆ ಕಡೆಗೂ ಇರಲಿಲ್ಲ.

ಹಾಗಾಗಿ ಕಾಲೇಜು ಫೆಸ್ಟ್ ಬಂತೆಂದರೆ ನೋಟಿಸ್ ಬೋರ್ಡಿಗೆ ಬರೆಯುವ ಕೆಲಸ ನನ್ನದೇ. ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಬರೆದರೆ ಕ್ಯಾಂಟೀನು ಖಾಲಿಯಾಗಿ ಹುಡುಗರೆಲ್ಲ ಬೋರ್ಡಿನ ಮುಂದೆ ನಿಂತಿರುತ್ತಿದ್ದರು. ಆ ವರ್ಷ ಮಾತ್ರ ಬೋರ್ಡಿನ ಜೊತೆಗೆ ಇನ್ನೊಂದು ಬಂದಿತ್ತು. ಆಗ ಹುಡುಗರೆಲ್ಲ ಇಂಟರ್ನೆಟ್ಟಿನಲ್ಲಿ ಒಬ್ಬರ ಪುಟದಲ್ಲಿ ಒಬ್ಬರು ‘ಸ್ಕ್ರ್ಯಾಪ್’ ಹಾಕುತ್ತಿದ್ದ ಕಾಲ. ಕಾಲೇಜಿನ ಹೆಸರಲ್ಲಿ ಒಂದು ಕಮ್ಯುನಿಟಿ ಮಾಡಿಕೊಂಡಿದ್ದರು. ಫೆಸ್ಟಿನ ಪೋಸ್ಟರನ್ನು ಅದರಲ್ಲಿ ಹಾಕಿ, ಕೆಳಗೊಂದು ಕ್ಯಾಪ್ಷನ್ ಬರೆಯಬೇಕಿತ್ತು.

ಕಲ್ಚರಲ್ ಸೆಕ್ರೆಟರಿ ಫೈನಲ್ ಇಯರ್ ಹುಡುಗ. ವಿಜಯನಗರದವನು. ನಗುವುದಕ್ಕೂ ಅರ್ಜಿ ಕೊಡಬೇಕು, ಅಷ್ಟು ಗಂಭೀರ. ಸೋಮವಾರ ಬೆಳಿಗ್ಗೆ ತಾನೇ ಬರೆದಿದ್ದ ಚೀಟಿ ತಂದು ನನ್ನ ಮೇಜಿನ ಮೇಲಿಟ್ಟ. ಫೆಸ್ಟು ಮುಂದಿನ ತಿಂಗಳ ಆರು ಮತ್ತು ಏಳನೇ ತಾರೀಖು. ಸ್ಥಳ ಕಾಲೇಜಿನ ಆಡಿಟೋರಿಯಂ. ರಿಜಿಸ್ಟ್ರೇಷನ್ನಿಗೆ ಕೊನೆಯ ದಿನ ಇಪ್ಪತ್ತೊಂದನೇ ತಾರೀಖು, ಶನಿವಾರ, ಸಂಜೆ ಐದು. ಅದರ ಕೆಳಗೆ ಲಿಂಕು.

“ಇದೇನಯ್ಯಾ, ಕರೆಂಟ್ ಬಿಲ್ ಇದ್ದಂಗಿದೆ” ಎಂದೆ.

“ಎಲ್ಲಾ ಇದೆಯಲ್ಲ ಸಾರ್. ಏನೂ ಮಿಸ್ ಆಗಬಾರದು.”

“ಮಿಸ್ ಆಗಬಾರದು ಅಂದ್ರೆ ಮೊದಲು ಓದಬೇಕು ಕಣಯ್ಯಾ. ಇದನ್ನ ಓದೋನು ನೀನೊಬ್ಬನೇ.”

ಪೆನ್ನು ತೆಗೆದುಕೊಂಡು ನನ್ನ ಕೈಚಳಕ ತೋರಿಸಿದೆ. ಸ್ನಾನದ ಮನೆಯಲ್ಲಿ ಹಾಡುವವರು, ಕನ್ನಡಿ ಮುಂದೆ ಕುಣಿಯುವವರು, ಲೇಟಾಗಿ ಬಂದು ಮೇಷ್ಟ್ರ ಮುಂದೆ ಅಭಿನಯ ಮಾಡುವವರು, ಎಲ್ಲರಿಗೂ ಒಂದೊಂದು ಕುಟುಕು ಕೊಟ್ಟೆ. ಫೆಸ್ಟಿನ ತಾರೀಖು ಬಿಟ್ಟೆ, ಆಡಿಟೋರಿಯಂ ಬಿಟ್ಟೆ. ಲಿಂಕಿಗೆ ಬೇರೆಯದೇ ಸಾಲು ಕೊಟ್ಟೆ. ಅದರ ತುದಿಗೆ ಚುಕ್ಕಿ ಇಟ್ಟರೆ ಒತ್ತಿದಾಗ ಪುಟ ತೆರೆಯದೇ ಹೋಗಬಹುದು ಎಂದು ಹುಡುಗ ಹೇಳಿದ, ಚುಕ್ಕಿಯನ್ನೂ ತೆಗೆದೆ. ಈ ವಯಸ್ಸಿನಲ್ಲೂ ನಾನು ಎಷ್ಟು ಬೇಗ ಕಲಿಯುತ್ತೇನೆ ಎಂದು ಅವನಿಗೆ ಎರಡು ಸಲ ಹೇಳಿದೆ. ಕೊನೆಯ ದಿನದ ಸಾಲು ಮಾತ್ರ ಗಂಟಲಿಗೆ ಸಿಕ್ಕಿಕೊಂಡಂತಿತ್ತು. ಅದನ್ನು ಹೊಡೆದುಹಾಕಿ ಬರೆದೆ: ‘ಈ ಶನಿವಾರ ಕೊನೆ. ಆಮೇಲೆ ಅತ್ತರೆ ಕರ್ಚೀಫ್ ಕೊಡಲ್ಲ.’

“ತಾರೀಖು ಹಾಕಿ ಸಾರ್.”

“ಶನಿವಾರ ಅಂದ್ರೆ ಯಾರಿಗಯ್ಯಾ ಗೊತ್ತಾಗಲ್ಲ? ವಾರಕ್ಕೆ ಎಷ್ಟು ಶನಿವಾರ ಇದೆ ನಿಮ್ಮ ವಿಜಯನಗರದಲ್ಲಿ?”

ಪಕ್ಕದ ಮೇಜಿನ ಅಟೆಂಡರ್ ನಕ್ಕ. ಹುಡುಗ ನಗಲಿಲ್ಲ. ಚೀಟಿ ಮಡಚಿಕೊಂಡು ಹೋದ.

ಸಂಜೆಯೊಳಗೆ ಅದು ಕಾಲೇಜೆಲ್ಲ ಸುತ್ತಿತು. ಪುಟದಲ್ಲಿ ಓದಿದವರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಮೊಬೈಲಿನಿಂದ ಮೊಬೈಲಿಗೆ ಕಳಿಸಿದರು. ನನ್ನ ಕರ್ಚೀಫಿನ ಸಾಲನ್ನು ಕಾರಿಡಾರಿನಲ್ಲಿ ನನಗೇ ಹೇಳಿ ಓಡಿಹೋಗುತ್ತಿದ್ದರು. ನಾನು ವಾರವಿಡೀ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಇನ್ನು ಒಬ್ಬ ಹುಡುಗಿಯ ವಿಷಯ. ಬಿಎಸ್ಸಿ ಕೊನೆಯ ವರ್ಷ, ಲಗ್ಗೆರೆಯಿಂದ ಬರುತ್ತಿದ್ದಳು. ಅಪ್ಪ ಪೀಣ್ಯದಲ್ಲಿ ಲೇತ್ ಆಪರೇಟರ್. ಮೊದಲನೇ ವರ್ಷದ ಫೆಸ್ಟಿನಲ್ಲಿ ಏಕಪಾತ್ರಾಭಿನಯಕ್ಕೆ ಹೆಸರು ಕೊಟ್ಟು, ಸ್ಟೇಜಿನ ಮೇಲೆ ಮೂರು ಮಾತಾಡಿ, ಮರೆತು, ಸುಮ್ಮನೆ ಇಳಿದು ಬಂದಿದ್ದಳು. ಹಿಂದಿನ ಸಾಲಿನಿಂದ ಶಿಳ್ಳೆ ಹೊಡೆದಿದ್ದರು. ಎರಡನೇ ವರ್ಷ ಆಡಿಟೋರಿಯಂ ಕಡೆಗೇ ಹೋಗಲಿಲ್ಲ. ಮೂರನೇ ವರ್ಷ ಒಂದು ದಿನ, ಪ್ರಾಕ್ಟಿಕಲ್ ಮುಗಿದ ಮೇಲೆ, ಲ್ಯಾಬಿನಲ್ಲಿ ಬ್ಯೂರೆಟ್ ತೊಳೆಯುತ್ತಾ ಲೇಡಿ ಕಂಡಕ್ಟರ್ ಥರ ಗೊಣಗುತ್ತಿದ್ದುದು ನನ್ನ ಕಿವಿಗೆ ಬಿತ್ತು. “ಮುಂದೆ ಹೋಗಿ, ಮುಂದೆ ಹೋಗಿ, ಬಸ್ಸು ಹಿಂದೆನೂ ಲಗ್ಗೆರೆಗೇ ಹೋಗತ್ತೆ, ಮುಂದೆನೂ ಲಗ್ಗೆರೆಗೇ ಹೋಗತ್ತೆ!” ತಾನೇ ಬರೆದದ್ದಂತೆ. ಎಂಟು ನಿಮಿಷ. ಕಂಡಕ್ಟರ್, ಕುಡುಕ, ಬಸುರಿ, ಚಿಲ್ಲರೆ ಕೊಡದ ಮುದುಕ, ಎಲ್ಲರೂ ಅವಳೇ.

ಆಮೇಲೆ ಪ್ರತಿ ಪ್ರಾಕ್ಟಿಕಲ್ ಮುಗಿದ ಮೇಲೂ ಒಂದು ಸಲ ಮಾಡಿ ತೋರಿಸುತ್ತಿದ್ದಳು. ನಾನೇ ಪ್ರೇಕ್ಷಕ, ನಾನೇ ಶಿಳ್ಳೆ ಹೊಡೆಯುವವನು. ಶಿಳ್ಳೆಗೆ ಹೆದರಬಾರದೆಂದು ಬೇಕೆಂದೇ ಹೊಡೆಯುತ್ತಿದ್ದೆ.

“ಈ ಸಲ ಸ್ಟೇಜ್ ಹತ್ತಲಿಲ್ಲ ಅಂದ್ರೆ ನಿನ್ನ ರೆಕಾರ್ಡ್ ಬುಕ್ಕಿಗೆ ಸೈನ್ ಹಾಕಲ್ಲ ಕಣಮ್ಮಾ” ಎಂದಿದ್ದೆ.

“ಹತ್ತದೇ ಇದ್ರೆ ನಾನೇ ರೆಕಾರ್ಡ್ ತರಲ್ಲ ಬಿಡಿ ಸಾರ್” ಎಂದಿದ್ದಳು.

ಆ ಕ್ಯಾಪ್ಷನ್ ಹಾಕಿದ ವಾರ ಅವಳು ಜ್ವರವೆಂದು ಕಾಲೇಜಿಗೆ ಬರಲಿಲ್ಲ. ಮುಂದಿನ ಸೋಮವಾರ ಬಂದಳು. ಮುಖ ಸಣ್ಣಗಾಗಿತ್ತು. ಲ್ಯಾಬಿಗೆ ಬಂದವಳೇ ಮೊಬೈಲ್ ತೋರಿಸಿದಳು. ಹಿಂದಿನ ರಾತ್ರಿ ಗೆಳತಿಯೊಬ್ಬಳು ಕಳಿಸಿದ ಮೆಸೇಜು. ನನ್ನದೇ ಸಾಲುಗಳು.

“ಸಾರ್, ಇದು ನೀವೇ ಬರೆದಿದ್ದು ಅಲ್ವಾ? ಕರ್ಚೀಫ್ ನೋಡಿದ ತಕ್ಷಣ ಗೊತ್ತಾಯ್ತು.”

“ಮತ್ತೆ? ಇಂಥ ಸಾಲು ಬರೆಯೋಕೆ ಬೆಂಗಳೂರಲ್ಲಿ ಇನ್ಯಾರಿದಾರೆ?”

“ಈ ಶನಿವಾರದ ತನಕ ಇದೆಯಲ್ಲ. ಗುರುವಾರ ಸೈಬರ್‌ಗೆ ಹೋಗಿ ರಿಜಿಸ್ಟರ್ ಮಾಡ್ತೀನಿ ಸಾರ್. ಅಪ್ಪಂಗೆ ಅವತ್ತು ರಜೆ, ಜೊತೆಗೆ ಬರ್ತಾರೆ.”

“ಹೋಗಮ್ಮಾ, ನಿಧಾನವಾಗಿ ಹೋಗು. ಲಿಂಕೇನು ಓಡಿಹೋಗಲ್ಲ.”

ಹೀಗೆ ಹೇಳಿದವನು ನಾನು. ಆ ಶನಿವಾರ ಮುಗಿದು ಎರಡು ದಿನವಾಗಿತ್ತು. ಬರೆದವನು ನಾನೇ ಆಗಿದ್ದರೂ, ಅವಳ ಮೊಬೈಲಿನಲ್ಲಿ ‘ಈ ಶನಿವಾರ’ ಎಂದು ನೋಡಿದಾಗ ನನಗೂ ಮುಂದೆ ಬರುವ ಶನಿವಾರವೇ ಕಂಡಿತು. ಇಪ್ಪತ್ತೊಂದು ಎಂದಿದ್ದರೆ ಹಾಗೆ ಕಾಣುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಅವಳು ಬಂದಳು. ಅಪ್ಪ ಗೇಟಿನ ಹತ್ತಿರ ನಿಂತಿದ್ದರು, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಹೆಲ್ಮೆಟ್.

“ಸಾರ್, ಪುಟ ಬರತ್ತೆ, ಹೆಸರು ಬರೆಯೋ ಜಾಗ ಬರಲ್ಲ. ರಿಜಿಸ್ಟ್ರೇಷನ್ ಕ್ಲೋಸ್ ಆಗಿದೆ ಅಂತ ತೋರಿಸುತ್ತೆ.”

ನಾನು ಏನೋ ತಮಾಷೆ ಮಾಡಿದೆ. ಏನೆಂದು ನೆನಪಿಲ್ಲ. ಅವಳು ಕಾದಳು, ತಮಾಷೆ ಮುಗಿದ ಮೇಲೆ ಉತ್ತರ ಬರುತ್ತದೆಂದು.

ಸೆಕ್ರೆಟರಿಯನ್ನು ಕರೆಸಿದೆ. ಅವನು ಲಿಸ್ಟು ಹಿಡಿದುಕೊಂಡೇ ಬಂದ.

“ಏಕಪಾತ್ರಕ್ಕೆ ಹನ್ನೆರಡು ಸ್ಲಾಟ್ ಸಾರ್. ನಮ್ಮ ಕಾಲೇಜಿಗೆ ಇಟ್ಟಿದ್ದ ಎರಡು ಖಾಲಿ ಇತ್ತು. ಮಂಗಳವಾರ ಸಂಜೆ ತನಕ ಕಾದ್ವಿ, ಆಮೇಲೆ ವೇಟಿಂಗ್‌ನಲ್ಲಿದ್ದ ಬೇರೆ ಕಾಲೇಜುಗಳಿಗೆ ಕೊಟ್ವಿ. ನಿನ್ನೆ ಚೀಟಿ ಎತ್ತಿ ಯಾರ ನಂಬರ್ ಯಾವುದು ಅಂತ ಅವರಿಗೆಲ್ಲ ಹೇಳಾಯ್ತು.”

“ಒಂದು ಹೆಸರು ಸೇರಿಸಯ್ಯಾ. ಎಂಟು ನಿಮಿಷ ತಾನೇ?”

“ಇವರನ್ನ ಸೇರಿಸಿದ್ರೆ, ನಿನ್ನೆ ಲೇಟಾಗಿ ಬಂದ್ರು ಅಂತ ನಾನು ಬೇಡ ಅಂದ ಐದು ಜನಕ್ಕೆ ಏನು ಹೇಳಲಿ ಸಾರ್? ಸೋಮವಾರ ಬಂದು ಹೇಳಿದ್ರೆ ಆಗ್ತಿತ್ತು. ಆ ಎರಡು ಸೀಟು ಹಾಗೇ ಇತ್ತು.”

ಸೋಮವಾರ ಎಂದಾಗ ಅವಳು ನನ್ನ ಮುಖ ನೋಡಿದಳು. ಒಂದೇ ಸಲ. ನಾನು ಹೇಳಿದ್ದನ್ನು ಅವಳು ಅವನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

“ಆಯ್ತು ಬಿಡಿ” ಎಂದಳು. ಗೇಟಿನ ಹತ್ತಿರ ಅಪ್ಪನಿಗೆ ಏನೋ ಹೇಳಿದಳು. ಅವರು ತಲೆಯಾಡಿಸಿದರು, ಹೆಲ್ಮೆಟ್ ಹಾಕಿಕೊಂಡರು. ಸ್ಕೂಟರ್ ಹೋಯಿತು. ಕಿಟಕಿಯಿಂದ ನೋಡುತ್ತಿದ್ದ ನನಗೆ ದುಃಖವಾಗಬೇಕಿತ್ತು, ನಾಚಿಕೆಯಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಹಾಗೆ. ಎರಡು ಗಂಟೆಗೆ ಕ್ಲಾಸಿತ್ತು, ತೆಗೆದುಕೊಂಡೆ. ಹುಡುಗರು ನಗುವ ಜಾಗದಲ್ಲಿ ನಕ್ಕರು.

ಮಾರನೆಯ ದಿನ ಪ್ರಿನ್ಸಿಪಾಲರ ಹತ್ತಿರ ಹೋಗಿ ತಪ್ಪು ನನ್ನದೆಂದೆ. ಅವರು ಸಫಾರಿಯ ಗುಂಡಿ ಮುಟ್ಟಿಕೊಂಡು, “ಇದರಲ್ಲಿ ಏನಪ್ಪಾ ನಿನ್ನ ಆಟ?” ಎಂದು ಕೇಳಿದರು. ಆಟವಿಲ್ಲವೆಂದು ಮೂರು ಸಲ ಹೇಳಿದೆ. ಮೂರನೆಯ ಸಲವೂ ನಕ್ಕರು. ಎದ್ದು ಬಂದೆ.

ಫೆಸ್ಟು ಆರು ಮತ್ತು ಏಳಕ್ಕೇ ಆಯಿತು. ಆಡಿಟೋರಿಯಂ ತುಂಬಿತ್ತು, ನನ್ನ ಕ್ಯಾಪ್ಷನ್ನನ್ನು ಅತಿಥಿಗಳೂ ಹೊಗಳಿದರು. ಅವಳು ವಾಲಂಟಿಯರ್ ಬ್ಯಾಡ್ಜ್ ಹಾಕಿಕೊಂಡು ಜಡ್ಜುಗಳಿಗೆ ನೀರಿನ ಬಾಟಲಿ ಕೊಡುತ್ತಿದ್ದಳು. ಏಕಪಾತ್ರದ ಹನ್ನೆರಡು ಜನರಲ್ಲಿ ಒಬ್ಬ ಬರಲೇ ಇಲ್ಲ. ಅವನ ನಂಬರನ್ನು ಮೂರು ಸಲ ಕೂಗಿದರು. ಸ್ಟೇಜು ಒಂದೆರಡು ನಿಮಿಷ ಖಾಲಿಯಾಗಿಯೇ ಇತ್ತು. ಅವಳು ಬಾಟಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಳು. ನಾನು ಸೆಕ್ರೆಟರಿಯ ಕಡೆ ನೋಡಿದೆ. ಅವನು ತಲೆ ಬಗ್ಗಿಸಿ ಲಿಸ್ಟಿನಲ್ಲಿ ಗೆರೆ ಎಳೆಯುತ್ತಿದ್ದ. ಮುಂದಿನ ನಂಬರ್ ಕೂಗಿದರು.

ಅದಾದ ಮೇಲೆ ಪ್ರಾಕ್ಟಿಕಲ್ ಮುಗಿದರೆ ಅವಳು ಬ್ಯೂರೆಟ್ ತೊಳೆದಿಟ್ಟು ಬ್ಯಾಗ್ ತೆಗೆದುಕೊಂಡು ಹೋಗುತ್ತಿದ್ದಳು. ಕಂಡಕ್ಟರ್ ಮಾಡು ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಪರೀಕ್ಷೆಗೆ ಮೊದಲು ರೆಕಾರ್ಡಿಗೆ ಸಹಿ ಹಾಕುವ ದಿನ. ಎಲ್ಲರೂ ಸಾಲಾಗಿ ನಿಂತರು. ನಾನು ಎಂದಿನಂತೆ ಒಬ್ಬೊಬ್ಬರ ಅಕ್ಷರವನ್ನೂ ಗೇಲಿ ಮಾಡುತ್ತಿದ್ದೆ. ಕೊನೆಯಲ್ಲಿ ಅವಳು ಬಂದಳು. ರೆಕಾರ್ಡ್ ತರುವುದಿಲ್ಲ ಎಂದವಳು ತಂದಿದ್ದಳು, ಸಹಿ ಹಾಕುವುದಿಲ್ಲ ಎಂದವನು ಪೆನ್ನು ಹಿಡಿದಿದ್ದೆ. ನೀಟಾದ ಕಂದು ರಟ್ಟು, ಒಳಗೆ ಒಂದೂ ತಪ್ಪಿಲ್ಲ. ಗೇಲಿ ಮಾಡಲು ಏನೂ ಸಿಗಲಿಲ್ಲ. ಕೊನೆಯ ಪುಟದಲ್ಲಿ ಸಹಿ ಹಾಕಿ ಪುಸ್ತಕ ಅವಳ ಕಡೆ ತಳ್ಳಿದೆ.

ಅವಳು ತೆಗೆದುಕೊಳ್ಳಲಿಲ್ಲ. ಬೆರಳಿನಿಂದ ಮೆಲ್ಲಗೆ ನನ್ನ ಕಡೆಗೇ ತಿರುಗಿಸಿದಳು.

“ತಾರೀಖು ಹಾಕಿ ಸಾರ್.”

ಗೋಡೆಯ ಕ್ಯಾಲೆಂಡರ್ ನೋಡಿದೆ. ದಿನ, ತಿಂಗಳು, ವರ್ಷ, ಮೂರನ್ನೂ ಬರೆದೆ. ಅವಳು ಅದನ್ನು ಒಮ್ಮೆ ಓದಿ, ಇಂಕು ಒಣಗುವ ತನಕ ಕಾದು, ಪುಸ್ತಕ ಮುಚ್ಚಿಕೊಂಡು ಹೋದಳು.