ಧೂಳಿಗೂ ನಿಲ್ಲುವ ಗಾಡಿ

ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲ. ಅವ್ವ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿದ ಪ್ಯಾಂಟುಗಳ ಗಂಟು ಹೊರುತ್ತಿದ್ದಳು. ಅವಳ ಸೊಂಟ ಹಿಡಿದುಕೊಂಡಿತು. ಹೊರಲಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು ಧಣಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಗಂಟು ಒಯ್ಯುವ ರೋಬಾಟ್ ಗಾಡಿ ಮಾಡಿಕೊಡುತ್ತೇನೆ, ಅವ್ವ ಅದನ್ನು ನೋಡಿಕೊಂಡಿರಲಿ ಎಂದುಬಿಟ್ಟೆ. ಧಣಿ ನಕ್ಕು ಒಪ್ಪಿದರು.

ಎದುರಿಗೆ ಏನಾದರೂ ಇದ್ದರೆ ಗಾಡಿ ನಿಲ್ಲಲೆಂದು ಹಾಕಿದ, ಸದ್ದು ಕಳಿಸಿ ಅದು ಮರಳಿ ಬರುವ ಹೊತ್ತಿನಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಕಾಲೇಜಿನ ಗೋಡೆಯೆದುರು ಚೆನ್ನಾಗಿಯೇ ನಡೆಯಿತು. ಕಾರ್ಖಾನೆಯಲ್ಲಿ ಗೋಡೆ ಎಲ್ಲಿದೆ? ದಾರಿಯ ಇಕ್ಕೆಲಗಳಲ್ಲೂ ಹೆಂಗಸರು ಕಾಲು ಚಾಚಿ ಕೂತು, ಗದ್ದದವರೆಗೆ ಪ್ಯಾಂಟು ಹೇರಿಕೊಂಡು ದಾರ ಕತ್ತರಿಸುತ್ತಾರೆ. ಬಟ್ಟೆಯ ರಾಶಿ ಸದ್ದನ್ನು ನುಂಗಿತು. ಎದುರಿಗೆ ಏನೂ ಇಲ್ಲವೆಂದುಕೊಂಡ ಗಾಡಿ ಪರೀಕ್ಷೆಗೆಂದು ನಾನಿಟ್ಟಿದ್ದ ರಾಶಿಯೊಳಗೇ ನುಗ್ಗಿತು.

ಇನ್‌ಫ್ರಾರೆಡ್ ಸೆನ್ಸರನ್ನೂ ಹಾಕಿದೆ. ಮಧ್ಯಾಹ್ನ ಶಟರಿನಿಂದ ಬಿಸಿಲು ಬಿದ್ದದ್ದೇ ಅದರ ಲೆಕ್ಕ ತಪ್ಪಿತು. ಸಾಲದ್ದಕ್ಕೆ, ತೀರಾ ಹತ್ತಿರ ಬಂದ ವಸ್ತುವನ್ನು ದೂರವಿದೆ ಎಂದು ಹೇಳುತ್ತಿತ್ತು ಆ ಹಾಳಾದದ್ದು.

ಅದಿರು ಪುಡಿಮಾಡುವ ಕ್ರಷರಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಅಲ್ಲಿ ಮೂಲೆಗೆ ಹಾಕಿದ್ದ ಲೇಸರ್ ಸೆನ್ಸರ್ ಕೇಳಿ ತಂದುಕೊಟ್ಟ. ಬೆಳಕು ಹೋಗಿಬರುವ ಹೊತ್ತನ್ನು ಅಳೆಯುವಂಥದ್ದು. ಅದಕ್ಕೆ ಬಟ್ಟೆ ಕಂಡಿತು, ಬಿಸಿಲಲ್ಲೂ ಕಂಡಿತು. ಖುಷಿಗೆ ನಾನು ಅಲ್ಲೇ ಅತ್ತುಬಿಟ್ಟೆ. ಆದರೆ ಲಾರಿ ಹೋದಾಗಲೆಲ್ಲ ಕೆಂಧೂಳು ಒಳಗೆ ಬರುತ್ತಿತ್ತು. ಧೂಳಿಗೆ ತಾಗಿ ಬೆಳಕು ಅರ್ಧದಲ್ಲೇ ಮರಳಿದರೆ ಗಾಡಿ ನಿಂತುಬಿಡುತ್ತಿತ್ತು. ಶಟರ್ ಎಳೆದರೆ ಒಳಗಿನವರಿಗೆ ಉಸಿರು ಕಟ್ಟುತ್ತಿತ್ತು.

ಧಣಿ ನೋಡಲು ಬಂದ ದಿನವೂ ಹಾಗೇ ನಿಂತಿತು. ಎದುರಿಗೆ ಏನೋ ಇದೆ ಎಂದಾಗ ಉರಿಯಲೆಂದು ಒಂದೊಂದು ಸೆನ್ಸರಿಗೂ ನಾನು ಒಂದೊಂದು ದೀಪ ಇಟ್ಟಿದ್ದೆ; ಲೇಸರಿನದೊಂದೇ ಉರಿಯುತ್ತಿತ್ತು.

"ಮೂರ್ರಾಗ ಎರಡು ದಾರಿ ಖಾಲಿ ಐತಿ ಅಂತಾವ. ಒಂದರ ಮಾತು ಕೇಳಿ ನಿಲ್ಲಸ್ತೀಯಲ್ಲಮ್ಮ. ಅದನ್ನ ಕಿತ್ತಾಕು, ಗಾಡಿ ಇರ್ಲಿ, ನಿಮ್ಮವ್ವನೂ ಇರ್ಲಿ," ಎಂದರು ಧಣಿ.

"ಧಣೇರ, ಬಿಸಿಲಾಗ ಬಟ್ಟಿ ಹೊದ್ದು ಯಾರರ ಕುಂತಿದ್ರೂ ಆ ಎರಡು ಖಾಲಿ ಅಂತನ ಹೇಳ್ತಾವ್ರಿ. ಧೂಳು ಯಾವುದು, ಮನಿಷಾರು ಯಾರು ಅಂತ ಗಾಡಿಗೆ ಗೊತ್ತಾಗಂಗಿಲ್ರಿ. ಅದಕ್ಕ ನಿಲ್ಲಬೇಕು."

"ಹಂಗಾದ್ರ ಈ ಗಾಡಿ ಇಲ್ಲಿ ಬ್ಯಾಡ."

ನಾನು ಅವ್ವನ ಮುಖ ನೋಡಿದೆ. ಕಿತ್ತುಹಾಕು ಎಂದು ಅವಳು ಒಂದು ಮಾತು ಅಂದಿದ್ದರೆ ಕಿತ್ತೇಬಿಡುತ್ತಿದ್ದೆನೇನೋ. ಅವ್ವ ದಾರಿಯ ಬದಿಗೆ ಕೂತಿದ್ದ ಹೆಂಗಸರತ್ತ ನೋಡಿದಳು.

"ತೆಗೀಬ್ಯಾಡ ಬಿಡವ್ವ," ಎಂದಳು.

ಸೆರಗು ಬಿಗಿದು, ಗಾಡಿಯ ಮೇಲಿದ್ದ ಗಂಟನ್ನು ಎಳೆದು ಬೆನ್ನಿಗೇರಿಸಿಕೊಂಡಳು. ಸೊಂಟ ಮುರಿದಂತೆ ಬಗ್ಗಿದ ಅವಳಿಗೆ ತನ್ನ ಪಾದ ಬಿಟ್ಟು ಮುಂದಿನದೇನೂ ಕಾಣುತ್ತಿರಲಿಲ್ಲ. "ಸರೀರವ್ವ, ಕಾಲು ಸರಸ್ರಿ," ಎನ್ನುತ್ತ ನಾನು ಅವಳ ಮುಂದೆ ನಡೆದೆ.