ಟೀ ಹೊತ್ತಿಗೆ ಒಂದು ತುಣುಕು

ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಸಣ್ಣ ಕಾರ್ಖಾನೆಗಳ ಮಾಲೀಕರ ಸಂಘವೊಂದರ ಕಚೇರಿಯಲ್ಲಿ ನಾನು ಕೆಲಸಕ್ಕಿದ್ದೆ. ಟೈಪಿಂಗ್, ಪತ್ರ ವ್ಯವಹಾರ, ಸಭೆಗೆ ಕುರ್ಚಿ ಹಾಕಿಸುವುದು, ಎಲ್ಲವೂ ನನ್ನದೇ. ಅದರ ಜೊತೆಗೆ ತಿಂಗಳಿಗೊಂದು ಸುದ್ದಿಪತ್ರ. ಅಚ್ಚು ಮಾಡಿಸುವುದನ್ನು ನಿಲ್ಲಿಸಿ ಆಗಷ್ಟೇ ಅದನ್ನು ಸಂಘದ ವೆಬ್‌ಸೈಟಿಗೆ ಹಾಕಿ, ಸದಸ್ಯರಿಗೆ ಇಮೇಲ್ ಕಳಿಸಲು ಶುರು ಮಾಡಿದ್ದರು. ಸದಸ್ಯರು ಇಮೇಲ್ ತೆರೆಯುತ್ತಿರಲಿಲ್ಲ. ಒಮ್ಮೆ ಒಬ್ಬ ಮಾಲೀಕರನ್ನು ಕೇಳಿದಾಗ, ಅದು ತಮ್ಮ ಅಕೌಂಟೆಂಟಿಗೆ ಹೋಗುತ್ತದೆ ಅಂದರು. ಅಕೌಂಟೆಂಟನ್ನು ಕೇಳಿದರೆ, ಅದು ಮಾಲೀಕರಿಗೆ ಬರೋದಲ್ಲವಾ ಅಂದ.

ಸುದ್ದಿಪತ್ರದಲ್ಲಿ ಓದುವಂಥದ್ದು ಒಂದಿತ್ತು. ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದ ಮೇಷ್ಟ್ರೊಬ್ಬರ ಅಂಕಣ. ಸಂಘದ ತರಬೇತಿ ಕೇಂದ್ರದಲ್ಲಿ ವಾರಕ್ಕೆರಡು ದಿನ ಹುಡುಗ ಹುಡುಗಿಯರಿಗೆ ಮಷಿನ್ ಕೆಲಸ ಹೇಳಿಕೊಡುತ್ತಿದ್ದ ಅವರು ರೂಲ್ ಹಾಳೆಯ ಎರಡೂ ಬದಿಗೆ ಬರೆದು ತಂದುಕೊಡುತ್ತಿದ್ದರು. ಟೈಪ್ ಮಾಡುವಾಗ ನನಗೇ ಮಷಿನ್ ಮುಂದೆ ನಿಂತ ಹಾಗಾಗುತ್ತಿತ್ತು. ಇಷ್ಟು ಚೆನ್ನಾಗಿರುವುದನ್ನು ಯಾರೂ ಓದುತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಸ್ಮಾರ್ಟ್‌ಫೋನು ಅಗ್ಗವಾಗುತ್ತಿದ್ದ ವರ್ಷಗಳು ಅವು. ಮಷಿನ್ ಆಪರೇಟರ್‌ಗಳ ಕೈಗೂ ಫೋನ್ ಬಂದಿತ್ತು. ಸಂಘದ ಹೆಸರಲ್ಲಿ ಸೋಷಿಯಲ್ ಮೀಡಿಯಾದಲ್ಲಿ ಒಂದು ಪುಟ ತೆರೆದೆ. ಮೊದಮೊದಲು ‘ಹೊಸ ಸಂಚಿಕೆ ಬಂದಿದೆ, ಓದಿ’ ಎಂದು ಲಿಂಕ್ ಹಾಕಿ ಕೂತೆ. ಮೂರು ಜನ ಲೈಕ್ ಒತ್ತಿದರು. ಅದರಲ್ಲಿ ಒಬ್ಬಳು ನನ್ನ ತಂಗಿ.

ಆಮೇಲೆ ದಾರಿ ಬದಲಿಸಿದೆ. ಒಂದು ಸಂಚಿಕೆಯಿಂದ ಐದಾರು ತುಣುಕು ತೆಗೆಯುವುದು. ಒಂದೊಂದರಲ್ಲೂ ಒಂದೇ ವಿಷಯ, ಮೂರ್ನಾಲ್ಕು ಸಾಲು, ಕೆಳಗೆ ಪೂರ್ತಿ ಸಂಚಿಕೆಯ ಲಿಂಕ್. ಎಲ್ಲವನ್ನೂ ಒಂದೇ ದಿನ ಸುರಿಯದೆ ಎರಡು ವಾರಕ್ಕೆ ಹರಡಿ, ದಿನ ಮತ್ತು ಸಮಯವನ್ನು ಮೊದಲೇ ನಿಗದಿ ಮಾಡಿಟ್ಟರೆ ಅವು ತಾವಾಗಿಯೇ ಹೋಗುತ್ತಿದ್ದವು. ಹತ್ತೂವರೆಯ ಟೀ, ಮಧ್ಯಾಹ್ನದ ಊಟ, ಶಿಫ್ಟ್ ಬದಲಾಗುವ ಹೊತ್ತು, ಇವೇ ನನ್ನ ಸಮಯಗಳು. ಯಾವ ತುಣುಕಿನಿಂದ ಎಷ್ಟು ಜನ ಬಂದರು ಎಂದು ಗೊತ್ತಾಗಲು ಪ್ರತಿ ಲಿಂಕಿನ ಕೊನೆಗೆ ಬೇರೆ ಬೇರೆ ಗುರುತು ಸೇರಿಸುತ್ತಿದ್ದೆ.

ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. ತೂತು ಕೊರೆಯುವ ಡ್ರಿಲ್ ಬಿಟ್ಟನ್ನು ಸಾಣೆ ಹಿಡಿಯುವ ಬಗ್ಗೆ ಅವರು ಬರೆದದ್ದರಿಂದ ತೆಗೆದ ತುಣುಕುಗಳನ್ನು ಪ್ರಿಂಟ್ ಮಾಡಿ ಕೊಟ್ಟಾಗ ಕನ್ನಡಕ ಏರಿಸಿ ಓದಿ, ಮೇಜಿನ ಮೇಲೆ ಇಟ್ಟುಬಿಟ್ಟರು.

“ಕಷ್ಟಪಟ್ಟು ಬರ್ದಿದ್ದನ್ನ ಕೊತ್ತಂಬರಿ ಸೊಪ್ಪಿನ ಥರ ಹೆಚ್ಚಿಟ್ಟಿದ್ದೀಯಲ್ಲಮ್ಮ.”

ಇದನ್ನು ನೋಡಿ ಪೂರ್ತಿ ಓದಲು ಬರುತ್ತಾರೆ ಸಾರ್ ಎಂದೆ. ಅವರು ಮೂರನೇ ತುಣುಕಿನ ಮೇಲೆ ಬೆರಳಿಟ್ಟರು. ‘ಸಾಣೆ ಹಿಡಿಯುವಾಗ ಬಿಟ್ಟನ್ನು ಮತ್ತೆ ಮತ್ತೆ ನೀರಿಗೆ ಅದ್ದಿ’ ಎಂದು ಹಾಕಿದ್ದೆ. ಅವರು ಬರೆದಿದ್ದರಲ್ಲಿ ಮುಂದೆ ಇನ್ನೂ ಅರ್ಧ ವಾಕ್ಯವಿತ್ತು: ತೀರಾ ಬಿಸಿಯಾಗುವ ಮೊದಲೇ ಅದ್ದಬೇಕು, ಕೆಂಪಾಗಿ ಹೋದದ್ದನ್ನು ಅದ್ದಿದರೆ ಬಿರುಕು ಬಿಡುತ್ತದೆ. ಉದ್ದವಾಯಿತೆಂದು ನಾನು ಅದನ್ನು ಕತ್ತರಿಸಿದ್ದೆ.

“ಎಲ್ಲಾರೂ ನಿನ್ ಲಿಂಕ್ ಒತ್ತಲ್ಲ. ಒತ್ತದೇ ಇರೋನೂ ಕೆಲ್ಸ ಕೆಡಿಸ್ಕೋಬಾರ್ದು. ಚಿಕ್ಕದಾದ್ರೂ ಅಷ್ಟರಮಟ್ಟಿಗೆ ಸರಿಯಾಗಿರ್ಬೇಕು.”

ನನಗೆ ನಾಚಿಕೆಯಾಯಿತು. ಸಾಲು ಉಳಿಸುವ ಭರದಲ್ಲಿ ನಾನು ಅರ್ಥವನ್ನೇ ಕಳೆದಿದ್ದೆ. ಅಂದು ಮಧ್ಯಾಹ್ನ ಅವರೇ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಪ್ರತಿ ತುಣುಕೂ ಒಂಟಿಯಾಗಿ ನಿಲ್ಲಬೇಕು, ಆದರೂ ಓದಿದವರಿಗೆ ಇನ್ನಷ್ಟು ಬೇಕೆನಿಸಬೇಕು. ಅದು ಲೇತ್‌ಗಿಂತ ಕಷ್ಟದ ಕೆಲಸ ಎಂದು ಒಪ್ಪಿಕೊಂಡರು. ಕೊನೆಗೆ ಮೊದಲ ತುಣುಕು ಹೀಗಾಯಿತು: ‘ಹತ್ತು ಎಂ.ಎಂ. ಬಿಟ್ ಹಾಕಿದರೂ ತೂತು ಅದಕ್ಕಿಂತ ದೊಡ್ಡದಾಗಿ ಬರುತ್ತಿದೆಯೇ? ಬಿಟ್‌ನ ತುದಿಯಲ್ಲಿ ಕೊರೆಯುವ ಎರಡು ಅಂಚು, ಅಂದರೆ ತುಟಿಗಳು, ಒಂದೇ ಉದ್ದ ಇವೆಯೇ ನೋಡಿ. ಸರಿಮಾಡುವ ಬಗೆ ಈ ಸಂಚಿಕೆಯಲ್ಲಿದೆ.’

ಸಂಚಿಕೆ ಸೋಮವಾರ ಸಂಜೆ ವೆಬ್‌ಸೈಟಿಗೆ ಏರಬೇಕಿತ್ತು. ಅದರ ವಿಳಾಸ ಮೊದಲೇ ಗೊತ್ತಿದ್ದುದರಿಂದ ತುಣುಕುಗಳಿಗೆಲ್ಲ ಲಿಂಕ್ ಸೇರಿಸಿ, ಮೊದಲನೆಯದನ್ನು ಮಂಗಳವಾರ ಹತ್ತೂವರೆಗೆ ನಿಗದಿ ಮಾಡಿದೆ. ಅಷ್ಟರಲ್ಲಿ ಸಂಘದ ಅಧ್ಯಕ್ಷರ ಫೋನ್ ಬಂತು. ಮೊದಲ ಪುಟದ ಫೋಟೋದಲ್ಲಿ ತಮ್ಮ ಕಣ್ಣು ಮುಚ್ಚಿವೆ, ಬೇರೆ ಫೋಟೋ ಕಳಿಸುವವರೆಗೆ ಸಂಚಿಕೆ ತಡೆಹಿಡಿಯಿರಿ ಅಂದರು. ತಡೆಹಿಡಿದೆ. ತುಣುಕುಗಳನ್ನು ತಡೆಹಿಡಿಯುವುದು ಮರೆತೆ.

ಮಂಗಳವಾರ ಬೆಳಗ್ಗೆ ಹತ್ತು ಮುಕ್ಕಾಲರ ಹೊತ್ತಿಗೆ ಪುಟ ತೆರೆದು ನೋಡಿದೆ. ತುಣುಕು ನಿಗದಿಯಂತೆ ತಾನಾಗಿಯೇ ಪ್ರಕಟವಾಗಿತ್ತು. ಲಿಂಕ್ ಒತ್ತಿದರೆ ಪುಟ ಸಿಗಲಿಲ್ಲ ಎಂಬ ಇಂಗ್ಲಿಷ್ ಸಾಲೊಂದು ಮಾತ್ರ. ಕೆಳಗೆ ಕಾಮೆಂಟುಗಳು: ‘ಲಿಂಕ್ ಓಪನ್ ಆಗ್ತಿಲ್ಲ ಗುರು.’ ‘ನಮ್ಮಲ್ಲೂ ಇದೇ ಪ್ರಾಬ್ಲಂ, ಬೇಗ ಹಾಕಿ.’ ‘ಅರ್ಧ ಹೇಳಿ ಬಿಟ್ರೆ ಹೆಂಗೆ?’ ನಾನು ಹೆದರಿಕೆಯಲ್ಲೇ ಎಣಿಸಿದೆ. ಇಪ್ಪತ್ತಕ್ಕೂ ಹೆಚ್ಚು. ನಮ್ಮ ಸುದ್ದಿಪತ್ರವನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಆಗ ಕಚೇರಿಯ ಫೋನ್ ರಿಂಗಾಯಿತು. ಆ ಕಡೆಯಿಂದ ಹೆಂಗಸಿನ ದನಿ.

“ಮೇಡಂ, ಡ್ರಿಲ್ಲಿಂದು ಓದಿದ್ವಿ ರೀ. ಒತ್ತಿದ್ರ ಏನೂ ಬರವಲ್ದು. ಉಳಿದದ್ದು ಎಲ್ಲೈತಿ?”

ಬಾಗಲಕೋಟೆ ಕಡೆಯಿಂದ ಬಂದು, ಹತ್ತಿರದ ವರ್ಕ್‌ಶಾಪಿನಲ್ಲಿ ಡ್ರಿಲ್ಲಿಂಗ್ ಮಷಿನ್ ನಡೆಸುತ್ತಿದ್ದಾಕೆ. ಟೀ ಹೊತ್ತಿನಲ್ಲಿ ನಾಲ್ಕು ಜನ ಒಂದೇ ಫೋನಿನ ಮೇಲೆ ಬಗ್ಗಿ ಓದಿದ್ದರಂತೆ. ಬೆಳಗಿನಿಂದ ಆಕೆಯ ತೂತುಗಳು ಅಳತೆ ಮೀರುತ್ತಿದ್ದವು, ಸೂಪರ್‌ವೈಸರ್ ಮಷಿನ್ ಸರಿಯಿಲ್ಲ ಅನ್ನುತ್ತಿದ್ದರು, ಆಕೆಗೆ ಬಿಟ್ ಮೇಲೆ ಅನುಮಾನ. ನಾನು ಕ್ಷಮೆ ಕೇಳುವ ಮೊದಲೇ, ತರಗತಿ ಮುಗಿಸಿ ಬಂದಿದ್ದ ಮೇಷ್ಟ್ರು ರಿಸೀವರ್‌ಗೆ ಕೈ ಚಾಚಿದರು. ನಿಂತುಕೊಂಡೇ ಅಂಕಣದ ಉಳಿದ ಭಾಗವನ್ನೆಲ್ಲ ಹೇಳಿದರು: ಎರಡೂ ತುಟಿಯ ಓರೆ ಒಂದೇ ಇರಬೇಕು, ಸಾಣೆಗೆ ಹಿಡಿದು ಕೈ ಹೇಗೆ ತಿರುಗಿಸಬೇಕು, ಗೇಜ್ ಇಟ್ಟು ಹೇಗೆ ನೋಡಬೇಕು. ಖಾಲಿ ಕೈಯಲ್ಲೇ ಗಾಳಿಯಲ್ಲಿ ಬಿಟ್ ತಿರುಗಿಸಿ ತೋರಿಸುತ್ತಿದ್ದರು, ಆಕೆಗೆ ಕಾಣುತ್ತದೋ ಎಂಬಂತೆ.

ನಾನು ಅಧ್ಯಕ್ಷರಿಗೆ ಫೋನ್ ಮಾಡಿ, ಓದುಗರು ಕಾಯುತ್ತಿದ್ದಾರೆ ಸಾರ್ ಎಂದೆ. ಅವರಿಗೆ ಅದು ಎಷ್ಟು ಸಂತೋಷ ಕೊಟ್ಟಿತೆಂದರೆ, ಫೋಟೋ ಇಲ್ಲದೆಯೇ ಹಾಕಿಬಿಡಿ ಅಂದರು. ಊಟದ ಹೊತ್ತಿಗೆ ಸಂಚಿಕೆ ಏರಿತು. ಅದೇ ವಿಳಾಸವಾದ್ದರಿಂದ ಸತ್ತ ಲಿಂಕಿಗೆ ಜೀವ ಬಂತು. ಪ್ರತಿ ಕಾಮೆಂಟಿಗೂ ‘ಈಗ ತೆರೆಯುತ್ತದೆ, ನೋಡಿ’ ಎಂದು ಉತ್ತರ ಬರೆದೆ. ಅಂದಿನಿಂದ ಸಂಚಿಕೆ ಮೊದಲು ಏರಿಸಿ, ನನ್ನ ಫೋನಿನಲ್ಲಿ ಲಿಂಕ್ ಒತ್ತಿ ನೋಡಿ, ಆಮೇಲಷ್ಟೇ ತುಣುಕುಗಳಿಗೆ ಸಮಯ ಕೊಡುವುದು ರೂಢಿಯಾಯಿತು.

ಆ ಶನಿವಾರ ಆಕೆ ಕಚೇರಿಗೆ ಬಂದಳು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಕಬ್ಬಿಣದ ತುಂಡು, ಅದರಲ್ಲಿ ಆರು ತೂತು. ಮೇಷ್ಟ್ರು ಜೇಬಿನಿಂದ ವರ್ನಿಯರ್ ತೆಗೆದು ಒಂದೊಂದಾಗಿ ಅಳೆದರು. ಎಲ್ಲ ಅಳತೆಗೆ ಸರಿಯಾಗಿದ್ದವು. ಅವರು ಎದ್ದು ಅವಳಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಅದೂ ಇದೂ ಮಾತಾಡುತ್ತಾ, ಚಿಕ್ಕ ತುಂಡನ್ನು ಕೈಯಲ್ಲಿ ಹಿಡಿದು ತೂತು ಹೊಡೆಯಲು ಹೋಗಿ ಗೆಳತಿಯೊಬ್ಬಳ ಬೆರಳಿಗೆ ಪೆಟ್ಟಾದದ್ದನ್ನು ಆಕೆ ಹೇಳಿದಳು. ಇದನ್ನೇ ಬರೆದುಕೊಡು ಎಂದರು ಮೇಷ್ಟ್ರು. ಆಕೆ ಬರೆದಳು. ಮುಂದಿನ ಸಂಚಿಕೆಯಲ್ಲಿ ಅದು ಬಂತು. ತುಣುಕು ತೆಗೆಯಲು ಕೂತಾಗ, ಯಾವುದನ್ನು ಮೊದಲು ಬಿಡೋಣ ಎಂದು ಆಕೆಯನ್ನೇ ಫೋನಿನಲ್ಲಿ ಕೇಳಿದೆ. ‘ತುಂಡನ್ನು ವೈಸ್‌ನಲ್ಲಿ ಬಿಗಿಯದೆ ಮಷಿನ್ ಶುರು ಮಾಡಬೇಡಿ’ ಅನ್ನುವ ಸಾಲನ್ನು ಬೆಳಗ್ಗೆ ಎಂಟಕ್ಕೇ ಹಾಕಬೇಕು, ಟೀ ಹೊತ್ತಿಗಾದರೆ ತಡವಾಯಿತು, ಆಗಲೇ ಮಷಿನ್ ಓಡುತ್ತಿರುತ್ತದೆ ಎಂದಳು. ನಾನು ಎಂಟಕ್ಕೆ ನಿಗದಿ ಮಾಡಿದೆ. ಆ ವರ್ಷ ಅತಿ ಹೆಚ್ಚು ಜನ ಬಂದು ಪೂರ್ತಿ ಓದಿದ್ದು ಅದರ ಲಿಂಕಿನಿಂದಲೇ. ಯಾವ ಲಿಂಕಿನಿಂದ ಎಷ್ಟು ಜನ ಬಂದರೆಂಬ ಪಟ್ಟಿಯನ್ನು ಮೇಷ್ಟ್ರು ಎರಡು ಸಲ ನೋಡಿ, ತಮ್ಮ ಅಂಕಣ ಎಷ್ಟನೇ ಸ್ಥಾನದಲ್ಲಿದೆ ಎಂದು ಮೆಲ್ಲಗೆ ಕೇಳಿದರು.